ಜೋಗಕ್ಕೆ ಎಐ ನೀರು ಬಿಟ್ಟ ಮೇಲೆ ಲೇಬಲ್ ಎಲ್ಲಿ ಹಾಕೋದು?

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ಸೀಸನ್ ಇಲ್ಲದಾಗ ಸುತ್ತಮುತ್ತಲಿನ ಕೆಲವು ಹೋಮ್‌ಸ್ಟೇಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೇಜ್ ನೋಡಿಕೊಳ್ಳುತ್ತೇನೆ. ಎಐ ಸೇರಿಸಿದ ಚಿತ್ರಕ್ಕೆ ಲೇಬಲ್ ಹಾಕುವ ಕೆಲಸ ಈಗ ನನಗೆ ಕ್ರಾಪ್ ಮಾಡುವಷ್ಟೇ ಮಾಮೂಲಿ. ಅದನ್ನು ಹೇಗೆ ಮಾಡುತ್ತೇನೆ ಅಂತ ಜೋಗದ ಒಂದು ಚಿತ್ರ ಇಟ್ಟುಕೊಂಡೇ ಹೇಳುತ್ತೇನೆ.

ಏಪ್ರಿಲ್ ರಜೆಗೆ ಒಬ್ಬ ಯಜಮಾನರಿಗೆ ಪೋಸ್ಟ್ ಬೇಕಿತ್ತು. ನನ್ನ ಹತ್ತಿರ ಅದೇ ತಿಂಗಳು ತೆಗೆದ ಫೋಟೋ ಇತ್ತು. ಬಂಡೆ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ, ನೀರು ಮಾತ್ರ ನೂಲಿನಷ್ಟು. ಜೋಗದ ವಿಷಯ ನಮ್ಮ ಕಡೆಯವರಿಗೆ ಗೊತ್ತೇ ಇದೆ. 1964ರಲ್ಲಿ ಮೇಲೆ ಲಿಂಗನಮಕ್ಕಿ ಡ್ಯಾಂ ಆದ ಮೇಲೆ ಜಲಪಾತದ ನೀರು ಬರೀ ಮಳೆಯ ಮಾತಲ್ಲ. ಬೇಸಿಗೆಯಲ್ಲಿ 253 ಮೀಟರ್ ಎತ್ತರದಿಂದ ಬೀಳೋದು ಸಣ್ಣ ಧಾರೆ ಅಷ್ಟೇ. ಆದರೆ ಬೆಂಗಳೂರಿಂದ, ಹುಬ್ಬಳ್ಳಿಯಿಂದ ಬರುವವರಿಗೆ ಇದು ಗೊತ್ತಿರಲ್ಲ. ಯಜಮಾನರು "ಇದಕ್ಕೆ ಸ್ವಲ್ಪ ನೀರು ಬಿಡು ಮಾರಾಯಾ" ಅಂದರು. ಮಳೆಗಾಲದಲ್ಲಿ ಹೀಗಿರುತ್ತೆ ಅಂತ ತೋರಿಸೋಣ, ಆದರೆ ಎಐ ನೀರು ಅಂತ ಚಿತ್ರದ ಮೇಲೇ ಬರೆಯುತ್ತೇನೆ ಅಂದೆ. ಅವರು ಒಪ್ಪಿದರು. ಅಕ್ಷರ ಎಷ್ಟು ದೊಡ್ಡದಿರುತ್ತೆ ಅಂತ ಆಗ ಕೇಳಲಿಲ್ಲ.

ನೀರು ಬಿಡಿಸುವುದೂ ಸುಲಭ ಅಲ್ಲ. ಎಐಗೆ ಜೋಗ ಗೊತ್ತಿಲ್ಲ, ಜಲಪಾತ ಗೊತ್ತು. ನಮ್ಮ ವ್ಯೂ ಪಾಯಿಂಟಿಂದ ನೋಡಿದರೆ ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ರಾಜ ಒಂದೇ ನೆಗೆತಕ್ಕೆ ಬೀಳುತ್ತಾನೆ. ರೋರರ್ ಪಕ್ಕದಿಂದ ಗುದ್ದಿಕೊಂಡು ಬಂದು ನಡುವೆ ಅವನನ್ನು ಸೇರುತ್ತಾನೆ. ರಾಣಿ ಬಂಡೆ ಮೇಲೆ ಹರಡಿಕೊಂಡು ಇಳಿಯುತ್ತಾಳೆ. ಎಐ ಬಿಡಿಸಿದಾಗ ಧಾರೆ ಐದಾಗುತ್ತೆ, ಆರಾಗುತ್ತೆ, ಇಲ್ಲ ಎಲ್ಲ ಒಂದಾಗಿ ನಯಾಗರದ ತಮ್ಮನಾಗುತ್ತೆ. ಬೇರೆಯವರ ಪೇಜಲ್ಲಿ ಜೋಗದ ಚಿತ್ರ ಕಂಡರೆ ನಾನು ಮೊದಲು ಧಾರೆ ಎಣಿಸುತ್ತೇನೆ. ಆಮೇಲೆ ರೋರರ್ ಎಲ್ಲಿ ಸೇರುತ್ತಾನೆ ನೋಡುತ್ತೇನೆ. ಅಲ್ಲಿಗೇ ಗೊತ್ತಾಗುತ್ತೆ. ನಮ್ಮ ಚಿತ್ರದಲ್ಲಿ ನಾಲ್ಕು ಧಾರೆ ಇರುವ ಜಾಗವನ್ನಷ್ಟೇ ಆಯ್ದು ನೀರು ತುಂಬಿಸಿದೆ. ಬಂಡೆ, ಆಕಾಶ, ಮರ ಎಲ್ಲ ಕ್ಯಾಮೆರಾದ್ದೇ.

ಇನ್ನು ಲೇಬಲ್. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಮಾಡುವ ಕೊನೆಯ ಪುಟದಲ್ಲಿ ಇನ್ನಷ್ಟು ಆಯ್ಕೆಗಳ ಒಳಗೆ `Add AI label` ಅಂತ ಒಂದು ಸ್ವಿಚ್ ಇರುತ್ತೆ. ನಾನು ಅದನ್ನು ಯಾವಾಗಲೂ ಒತ್ತುತ್ತೇನೆ. ಆದರೆ ಅದು ಪೇಜಿನ ಹೆಸರಿನ ಕೆಳಗೆ ಸಣ್ಣದಾಗಿ ಕೂರುತ್ತೆ, ಮತ್ತು ಆ ಆ್ಯಪ್ ಒಳಗೆ ಮಾತ್ರ. ನಮ್ಮ ಕಡೆ ಚಿತ್ರ ಓಡಾಡೋದು ವಾಟ್ಸಾಪ್‌ನಲ್ಲಿ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಸಂಬಂಧಿಕರ ಗ್ರೂಪಿಗೆ ಹಾಕಿದ ಕೂಡಲೇ ಆ ಲೇಬಲ್ ಹೋಯ್ತು, ಕ್ಯಾಪ್ಷನ್ ಹೋಯ್ತು, ಪೇಜಿನ ಹೆಸರೂ ಹೋಯ್ತು. ಉಳಿಯೋದು ಚಿತ್ರ ಒಂದೇ.

ಫೈಲ್ ಒಳಗೆ ಬರೆಯುವ ಗುರುತೂ ಅಷ್ಟೇ. ಫೋಟೋ ಮಾಹಿತಿಗೆ ಐಪಿಟಿಸಿ ಅನ್ನೋ ಸಂಸ್ಥೆಯ ಪದ್ಧತಿ ಇದೆ. ಚಿತ್ರ ಎಲ್ಲಿಂದ ಬಂತು ಅಂತ ಹೇಳಲು ಅದರಲ್ಲೊಂದು ಜಾಗ ಇದೆ. ಫೋಟೋ ಮತ್ತು ಎಐ ಸೇರಿದ್ದಕ್ಕೆ ಒಂದು ಮೌಲ್ಯ, ಪೂರ್ತಿ ಎಐ ಆದರೆ ಇನ್ನೊಂದು. ನಮ್ಮ ಚಿತ್ರಕ್ಕೆ ಎಕ್ಸಿಫ್‌ಟೂಲ್ ಅನ್ನೋ ಪ್ರೋಗ್ರಾಂನಿಂದ ಹೀಗೆ ಬರೆದೆ:

```
exiftool -XMP-iptcExt:DigitalSourceType="http://cv.iptc.org/newscodes/digitalsourcetype/compositeWithTrainedAlgorithmicMedia" jog.jpg
```

ಪೂರ್ತಿ ಎಐ ಚಿತ್ರಕ್ಕಾದರೆ ಕೊನೆಯ ಪದ `trainedAlgorithmicMedia`. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾದವರು ಇಂಥ ಗುರುತು ಓದಿ ತಾವೇ ಲೇಬಲ್ ಹಾಕುತ್ತಾರೆ, ಅದಕ್ಕೇ ಬರೆದಿಡುತ್ತೇನೆ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಈ ಮಾಹಿತಿ ಉದುರಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತೆ, ಹಾಗೆ ಕಳಿಸುವವರು ಯಾರಿದ್ದಾರೆ? ಸ್ಕ್ರೀನ್‌ಶಾಟ್‌ನಲ್ಲಂತೂ ಉಳಿಯುವ ಮಾತೇ ಇಲ್ಲ.

ಹಾಗಾಗಿ ಚಿತ್ರದ ಮೇಲೇ ಬರೆಯಬೇಕು. ಎಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಎಲ್ಲರಿಗೂ ಮೊದಲು ಹೊಳೆಯೋದು ಕೆಳಗೊಂದು ಪಟ್ಟಿ. 2025ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳ ಕರಡು ಬಿಟ್ಟಾಗ ಲೇಬಲ್ ಚಿತ್ರದ ಶೇ. 10 ಜಾಗ ತುಂಬಬೇಕು ಅಂತ ಇತ್ತು. ಆಗ ಸುಮ್ನೆ ಲೆಕ್ಕ ಹಾಕಿ ನೋಡಿದೆ. ನಾನು ಪೋಸ್ಟ್ ಮಾಡುವ ಉದ್ದನೆಯ ಚಿತ್ರ 1080ಕ್ಕೆ 1350 ಪಿಕ್ಸೆಲ್. ಅದರ ಶೇ. 10 ಅಂದರೆ ಕೆಳಗೆ ಈ ಬದಿಯಿಂದ ಆ ಬದಿಗೆ 135 ಪಿಕ್ಸೆಲ್ ಎತ್ತರದ ಪಟ್ಟಿ. ಈಗ ಅದೇ ಚಿತ್ರವನ್ನು ಯಾರಾದರೂ ಚೌಕಾಕಾರ ಮಾಡಿದರು ಅಂದುಕೊಳ್ಳಿ. 1350 ಹೋಗಿ 1080 ಆಗಬೇಕು, ಮೇಲಿಂದ 135, ಕೆಳಗಿಂದ 135 ಹೋಗುತ್ತೆ. ಅಂದರೆ ಪಟ್ಟಿ ಪೂರ್ತಿ ಹೋಯ್ತು! ಯಾರೂ ಮೋಸ ಮಾಡಬೇಕಾಗಿಲ್ಲ, ಡಿಪಿ ಇಟ್ಟರೂ ಸಾಕು. 2026ರ ಫೆಬ್ರವರಿಯಲ್ಲಿ ಬಂದ ಕೊನೆಯ ನಿಯಮದಲ್ಲಿ ಈ ಶೇ. 10 ಇಲ್ಲ, ಲೇಬಲ್ ಎದ್ದು ಕಾಣಬೇಕು ಅಂತಷ್ಟೇ ಇದೆ. ನನಗೆ ಅದೇ ಸರಿ ಅನ್ನಿಸಿತು. ಅಳತೆಗಿಂತ ಜಾಗ ಮುಖ್ಯ ಅಲ್ವಾ?

ನನ್ನ ಜಾಗ ಯಾವುದು ಅಂದರೆ, ಎಐ ಮುಟ್ಟಿದ ಭಾಗದ ಮೇಲೇ. ಜೋಗದ ಚಿತ್ರದಲ್ಲಿ ರಾಜ ಮತ್ತು ರೋರರ್ ಸೇರಿ ಕೆಳಗೆ ಬೀಳುವ ಬಿಳಿ ನೀರಿನ ಮೇಲೆ ಬರೆದೆ. ಲೇಬಲ್ ಕತ್ತರಿಸಲು ಹೋದರೆ ಜಲಪಾತವೇ ಕತ್ತರಿಸಿ ಹೋಗಬೇಕು. ಬಿಳಿ ನೀರಿನ ಮೇಲೆ ಬಿಳಿ ಅಕ್ಷರ ಕಾಣಲ್ಲ, ಕಪ್ಪು ಅಕ್ಷರ ಬಂಡೆಗೆ ತಾಗಿದ ಕಡೆ ಮುಳುಗುತ್ತೆ. ಅದಕ್ಕೆ ಅಕ್ಷರದ ಹಿಂದೆ ಕಪ್ಪು ಪಟ್ಟಿ, ಶೇ. 70ರಷ್ಟು ಗಾಢ. ಅಕ್ಷರದ ಎತ್ತರ 40 ಪಿಕ್ಸೆಲ್‌ಗಿಂತ ಕಡಿಮೆ ಮಾಡುವುದಿಲ್ಲ. ಫೋನ್ ಪರದೆ ಸುಮಾರು ಆರೂವರೆ ಸೆಂಟಿಮೀಟರ್ ಅಗಲ ಅಂದರೆ 40 ಪಿಕ್ಸೆಲ್ ಎರಡೂವರೆ ಮಿಲಿಮೀಟರ್‌ಗೆ ಸ್ವಲ್ಪ ಕಡಿಮೆ ಬರುತ್ತೆ. ಕನ್ನಡಕ್ಕೆ ಒತ್ತಕ್ಷರದ ಜಾಗ ಬೇರೆ ಬೇಕು. ಪಟ್ಟಿ ಗಿಡ್ಡ ಮಾಡಿದರೆ 'ಸ್ಟ', 'ತ್ರ' ಕೆಳಗೆ ಜೋತಾಡಿ ಓದಲಿಕ್ಕೆ ಆಗಲ್ಲ.

ಏನು ಬರೆಯಬೇಕು ಅನ್ನೋದಕ್ಕೆ ಯಜಮಾನರ ಹತ್ತಿರ ಉತ್ತರ ಸಿದ್ಧವಿತ್ತು: "ಸಾಂಕೇತಿಕ ಚಿತ್ರ ಅಂತ ಮೂಲೆಲಿ ಹಾಕು, ಪೇಪರ್‌ನೋರು ಹಾಕ್ತಾರಲ್ಲ." ಅದು ಬೇಡ ಅಂದೆ. ಪೇಪರಲ್ಲಿ ಹಾಗೆ ಬರೆದ ಚಿತ್ರ ಎಷ್ಟೋ ಸಲ ನಿಜವಾದ ಫೋಟೋನೇ ಆಗಿರುತ್ತೆ, ಬೇರೆ ಕಡೆಯದ್ದು ಅಷ್ಟೇ. ನೋಡುವವರಿಗೆ ಬೇಕಾದ್ದು ಇದರಲ್ಲಿ ಯಾವುದು ನಿಜ, ಯಾವುದು ಅಲ್ಲ ಅನ್ನೋದು. ನಾವು ಹಾಕಿದ್ದು ಇದು: "ಬಂಡೆ ನಿಜ, ನೀರು ಎಐ. ಏಪ್ರಿಲಲ್ಲಿ ಇಷ್ಟು ನೀರು ಇರಲ್ಲ." ಹೊರರಾಜ್ಯದವರೂ ಬರುವುದರಿಂದ ಕೆಳಗೆ ಇಂಗ್ಲಿಷಲ್ಲೂ ಅದೇ ಮಾತು. ಪೋಸ್ಟಿನ ಎರಡನೇ ಚಿತ್ರ ಮೂಲ ಫೋಟೋ, ತೆಗೆದ ತಿಂಗಳ ಸಮೇತ. ಕ್ಯಾಪ್ಷನ್‌ನ ಮೊದಲ ಸಾಲಲ್ಲೇ ಮತ್ತೆ ಹೇಳಿದೆ, ಯಾಕೆಂದರೆ ಒಂದೆರಡು ಸಾಲಾದ ಮೇಲೆ ಉಳಿದದ್ದು ಮಡಚಿಕೊಳ್ಳುತ್ತೆ. ಕಣ್ಣು ಕಾಣದವರ ಫೋನ್ ಓದಿ ಹೇಳುವ ಆಲ್ಟ್ ಟೆಕ್ಸ್ಟ್‌ನಲ್ಲೂ ನೀರು ಎಐದು ಅಂತ ಬರೆದೆ. ಅವರಿಗೆ ಚಿತ್ರದ ಮೇಲಿನ ಪಟ್ಟಿಯಿಂದ ಏನೂ ಉಪಯೋಗ ಇಲ್ಲವಲ್ಲ.

ಅಕ್ಷರ ಕಂಡ ಯಜಮಾನರು, "ಇಷ್ಟು ದೊಡ್ಡದಾಗಿ ಬರೆದ್ರೆ ಯಾರು ಬರ್ತಾರೆ ಮಾರಾಯಾ?" ಅಂದರು. "ಅಣ್ಣಾ, ಬಂದು ನೋಡಿ ರೂಮಿನ ದುಡ್ಡು ವಾಪಸ್ ಕೇಳಿದ್ರೆ ನೀವೇ ಮಾತಾಡ್ಬೇಕು" ಅಂದೆ. ಅಷ್ಟಕ್ಕೇ ಸುಮ್ಮನಾದರು. ಪೋಸ್ಟ್ ಹಾಕಿದ ಮೇಲೆ ಬಂದ ಕರೆಗಳಲ್ಲಿ ಜಾಸ್ತಿ ಜನ ಕೇಳಿದ್ದು ಹಾಗಾದರೆ ನೀರು ಯಾವಾಗ ಇರುತ್ತೆ ಅಂತ. ಯಜಮಾನರು ಜುಲೈಯಿಂದ ಸೆಪ್ಟೆಂಬರ್ ಅಂತ ಹೇಳಿ ಆ ತಿಂಗಳುಗಳಿಗೆ ಬುಕಿಂಗ್ ಬರೆದುಕೊಂಡರು.

ಪೋಸ್ಟ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾತ್ರ ತಪ್ಪಿಸುವುದಿಲ್ಲ. ನನ್ನದೇ ಇನ್ನೊಂದು ನಂಬರಿಗೆ ಫೋಟೋ ಕಳಿಸುತ್ತೇನೆ, ಅಲ್ಲಿ ಸ್ಕ್ರೀನ್‌ಶಾಟ್ ತೆಗೆದು ವಾಪಸ್ ಕಳಿಸುತ್ತೇನೆ. ಅದನ್ನು ಡಿಪಿಯ ದುಂಡಗೆ, ಸ್ಟೇಟಸ್‌ನ ಉದ್ದಕ್ಕೆ ಹಾಕಿ ನೋಡುತ್ತೇನೆ. ಸ್ಟೇಟಸ್‌, ಸ್ಟೋರಿಯಲ್ಲಿ ಮೇಲೆ ಹೆಸರು, ಕೆಳಗೆ ಉತ್ತರ ಬರೆಯುವ ಪಟ್ಟಿ ಕೂರುವುದರಿಂದ ಆ ಎರಡೂ ತುದಿ ಖಾಲಿ ಬಿಡಬೇಕು. ಆಮೇಲೆ ಅಮ್ಮನ ಕೈಗೆ ಫೋನ್ ಕೊಟ್ಟು "ಇದೇನಮ್ಮ?" ಅನ್ನುತ್ತೇನೆ. ಅವರು "ಓ, ನೀರು ಸುಳ್ಳಾ?" ಅಂದರೆ ಪಾಸು.

ಎಲ್ಲದಕ್ಕೂ ಲೇಬಲ್ ಹಾಕುತ್ತೀರಾ ಅಂತ ಕೇಳುವವರಿದ್ದಾರೆ. ಇಲ್ಲ. ಬೆಳಕು, ಬಣ್ಣ, ಕ್ರಾಪ್, ಗ್ರೇನ್ ತೆಗೆಯೋದು, ಇವಕ್ಕೆ ಬೇಡ. ನಿಯಮವೂ ಮಾಮೂಲಿ ಎಡಿಟಿಂಗನ್ನು ಹೊರಗಿಟ್ಟಿದೆ. (ಅಡಿಕೆ ತೋಟಕ್ಕೆ ಗಿಳಿ ಹಸಿರು ಬಳಿಯುವವರಿಗೂ ಒಂದು ನಿಯಮ ಬರಲಿ ಅಂತ ನನ್ನಾಸೆ, ಅದು ಬೇರೆ ಮಾತು.) ಚಿತ್ರ ಹಿಡಿದುಕೊಂಡು ಅದೇ ದಿನ ಅದೇ ಜಾಗಕ್ಕೆ ಹೋದವರಿಗೆ ಅದರಲ್ಲಿದ್ದ ಏನಾದರೂ ಸಿಗದೇ ಹೋಗುತ್ತಾ ಅಂತ ನೋಡುತ್ತೇನೆ. ಮಂಜು, ಮೋಡ, ನೀರು, ಆನೆ, ಜನ ಸೇರಿಸಿದ್ದರೆ ಲೇಬಲ್ ಖಂಡಿತ. ಕರೆಂಟ್ ವೈರ್ ಅಳಿಸಿದ್ದಕ್ಕೆ ಚಿತ್ರದ ಮೇಲೆ ಬರೆಯಲ್ಲ, ಕ್ಯಾಪ್ಷನ್‌ನಲ್ಲಿ ಹೇಳಿಬಿಡುತ್ತೇನೆ. ಇಲ್ಲಿ ಒಂದು ತಲೆನೋವಿದೆ. ವೈರ್ ಅಳಿಸಲು ಎಐ ಬ್ರಷ್ ಬಳಸಿದರೆ ಫೈಲಲ್ಲಿ ಗುರುತು ಬೀಳುತ್ತೆ, ಆ್ಯಪ್ ಅದನ್ನು ಓದುತ್ತೆ. 2024ರಲ್ಲಿ ಮೆಟಾ ಇಂಥ ನಿಜ ಫೋಟೋಗಳ ಮೇಲೂ `Made with AI` ಅಂತ ಹಾಕಿ ಫೋಟೋಗ್ರಾಫರ್‌ಗಳ ಕೈಲಿ ಬೈಸಿಕೊಂಡು, ಅದನ್ನು `AI info` ಅಂತ ಬದಲಿಸಿತು. ನಾನಂತೂ ಗುರುತು ಅಳಿಸಲು ಹೋಗುವುದಿಲ್ಲ. ವೈರ್‌ಗೆ ಪಕ್ಕದ ಭಾಗವನ್ನೇ ನಕಲು ಮಾಡಿ ಮುಚ್ಚುವ ಹಳೇ ಕ್ಲೋನ್ ಸ್ಟ್ಯಾಂಪ್ ಸಾಕು.

ಪೇಂಟಿಂಗ್ ತರ ಮಾಡಿದ ಚಿತ್ರಗಳದ್ದು ಬೇರೆಯೇ ಕಥೆ. ಕವಲೇದುರ್ಗದ ಫೋಟೋವನ್ನು ಜಲವರ್ಣದಂತೆ ಮಾಡಿದರೆ ಅದನ್ನು ಯಾರೂ ಫೋಟೋ ಅಂದುಕೊಳ್ಳಲ್ಲ. ಆದರೆ ಯಾರೋ ಕೂತು ಬಿಡಿಸಿದ್ದು ಅಂದುಕೊಳ್ಳುತ್ತಾರೆ. ಅದಕ್ಕೆ ನನ್ನ ಲೇಬಲ್: "ನಮ್ಮ ಫೋಟೋದಿಂದ ಎಐ ಮಾಡಿದ್ದು, ಕೈಯಲ್ಲಿ ಬಿಡಿಸಿದ್ದಲ್ಲ." ಹಸೆ ಚಿತ್ತಾರದ ವಿಷಯದಲ್ಲಿ ನಾನು ಇನ್ನೂ ಬಿಗಿ. ನಮ್ಮ ಸುತ್ತಲಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಬರೆಯುವುದು ಅದು. ಈಗ ಅದನ್ನು ಬರೆದು ಮಾರುವವರೂ ಇದ್ದಾರೆ. ಎಐಗೆ ಹೇಳಿದರೆ ಅರ್ಧ ವರ್ಲಿ, ಅರ್ಧ ರಂಗೋಲಿ ಬರುತ್ತೆ. ಮದುವೆ ಕಾರ್ಡಿಗೆ ಹಸೆ ಬೇಕು ಅಂದವರಿಗೆ ಬರೆಯುವವರ ನಂಬರ್ ಕೊಟ್ಟು, ಅವರು ಬರೆದದ್ದನ್ನು ಫೋಟೋ ತೆಗೆದು ಕಾರ್ಡ್ ಮಾಡುತ್ತೇನೆ. ಎಐದ್ದನ್ನೇ ಮಾಡಿಸಿಕೊಂಡು ಬಂದವರಿಗೆ, ಹಾಕುತ್ತೇನೆ, ಆದರೆ ಹಸೆ ಚಿತ್ತಾರ ಅಂತ ಬರೆಯಲ್ಲ, ಎಐ ವಿನ್ಯಾಸ ಅಂತ ಬರೆಯುತ್ತೇನೆ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದವರು ಪಕ್ಕದ ಬೀದಿಯ ಪ್ರೆಸ್ಸಿಗೆ ಹೋಗುತ್ತಾರೆ.