12 ಸಹಿ, 7 ಮತ: ಹಾಜರಿ ಪುಸ್ತಕ ಬರೆಯುವುದು ಹೇಗೆ?

ಕಲಬುರಗಿಯ ನಮ್ಮ ಬಡಾವಣೆ ಸಂಘದ ಕಮಿಟಿ ಸಭೆಯಲ್ಲಿ ಹೋದ ಬೇಸಿಗೆಗೆ ಒಂದು ಪೇಚಾಟ ಆಯಿತು. ಹೊಸ ಬೋರ್‌ವೆಲ್ ಕೊರೆಸಬೇಕೋ ಬೇಡವೋ ಎಂಬ ವಿಷಯ. ಹಾಜರಿ ಪುಸ್ತಕದಲ್ಲಿ 12 ಸಹಿ. ಕೈ ಎತ್ತಿಸಿದೆವು. ಪರವಾಗಿ 6, ವಿರೋಧವಾಗಿ 5. ಒಬ್ಬರು ಸುಮ್ಮನೆ ಕುಳಿತಿದ್ದರು. ಠರಾವು ಪಾಸಾಯಿತು ಎಂದು ಕಾರ್ಯದರ್ಶಿಯಾದ ನಾನೇ ಬರೆದೆ. ಮೂರು ದಿನಕ್ಕೆ ಒಬ್ಬ ಸದಸ್ಯರು ಬಂದು, 'ಆ 11 ಕೈ ಯಾರ್ಯಾರವು, ತೋರಸ್ರೀ' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರ ಸಹಿಯನ್ನೂ ಒಂದೇ ಪಟ್ಟಿಯಲ್ಲಿ 1ರಿಂದ 12ರವರೆಗೆ ಹಾಕಿಸಿದ್ದೆ.

ಅದಕ್ಕೇ ಮೊದಲ ಕೆಲಸ, ಸಭೆಗೆ ಮುಂಚೆಯೇ ಪುಟವನ್ನು ನಾಲ್ಕು ಭಾಗ ಮಾಡುವುದು: ಸದಸ್ಯರು, ಕೋ-ಆಪ್ಟ್ ಆದವರು, ವಿಶೇಷ ಆಹ್ವಾನಿತರು, ವೀಕ್ಷಕರು. ಕೋ-ಆಪ್ಟ್ ಆದವರು ಎಂದರೆ ಚುನಾವಣೆ ಇಲ್ಲದೆ ಕಮಿಟಿಯೇ ಸೇರಿಸಿಕೊಂಡವರು. ಪ್ರತಿ ಭಾಗಕ್ಕೂ ಕ್ರಮಸಂಖ್ಯೆ ಬೇರೆ ಬೇರೆ, ಮತ್ತೆ 1ರಿಂದಲೇ ಶುರು. ಸದಸ್ಯರ ಹೆಸರನ್ನು ಮೊದಲೇ ಬರೆದಿಡಿ. ಬಾರದವರ ಮುಂದೆ ಖಾಲಿ ಉಳಿಯಲಿ. ಆಗ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಎರಡನೆಯದು, ಬೈಲಾ ತೆಗೆದು ಮತ ಯಾರಿಗಿದೆ ಎಂದು ನೋಡುವುದು. 'ಸದಸ್ಯ' ಎಂಬ ಪದ ನಂಬಿ ಕೂರಬೇಡಿ. ನಮ್ಮ ಮಹಾನಗರ ಪಾಲಿಕೆಯನ್ನೇ ನೋಡಿ. ವಿಶೇಷ ಜ್ಞಾನ, ಅನುಭವ ಇದೆ ಎಂದು ನಾಮನಿರ್ದೇಶನಗೊಂಡವರೂ ಸದಸ್ಯರೇ, ಸಭೆಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ಆದರೆ ಸಂವಿಧಾನದ 243ಆರ್ ವಿಧಿ ಪ್ರಕಾರ ಅವರಿಗೆ ಮತ ಇಲ್ಲ.

ಜಾಸ್ತಿ ಗೊಂದಲ ಆಗುವುದು ಕೋ-ಆಪ್ಟ್ ಆದವರ ವಿಷಯದಲ್ಲಿ. ಇವರಲ್ಲಿ ಎರಡು ಬಗೆ. ನಮ್ಮ ಕಮಿಟಿಯಲ್ಲಿ 11 ಸ್ಥಾನ. ಒಬ್ಬರು ಬೆಂಗಳೂರಿಗೆ ಮನೆ ಬದಲಿಸಿದರು. ಆ ಖಾಲಿ ಜಾಗಕ್ಕೆ ಇನ್ನೊಬ್ಬರನ್ನು ಕಮಿಟಿಯೇ ಸೇರಿಸಿಕೊಂಡಿತು. ಅವರು ಹಳಬರ ಕುರ್ಚಿಯಲ್ಲೇ, ಉಳಿದ ಅವಧಿಗೆ ಕೂತವರು. ನಮ್ಮ ಬೈಲಾದಂತೆ ಅವರಿಗೆ ಮತವೂ ಇದೆ, ಕೋರಂನಲ್ಲಿ ಎಣಿಕೆಯೂ ಇದೆ. ಇನ್ನೊಬ್ಬರು ನಿವೃತ್ತ ಇಂಜಿನಿಯರ್. ಅವರ ಸಲಹೆ ಬೇಕೆಂದು 11ರ ಮೇಲೆ ಹೆಚ್ಚುವರಿಯಾಗಿ ಸೇರಿಸಿಕೊಂಡಿದ್ದೆವು. ಅಂಥವರಿಗೆ ನಮ್ಮ ಬೈಲಾ ಮತ ಕೊಡುವುದಿಲ್ಲ. ನಿಮ್ಮದು ಕೊಡಬಹುದು. ಕೆಲವು ಬೈಲಾಗಳು ಈ ಬಗ್ಗೆ ಬಾಯಿಯೇ ಬಿಡುವುದಿಲ್ಲ, ಜಗಳ ಹುಟ್ಟುವುದು ಅಲ್ಲೇ. ಹಾಗಾಗಿ ಕೋ-ಆಪ್ಟ್ ಮಾಡುವ ಠರಾವಿನಲ್ಲೇ ಯಾವ ಕಲಮಿನ ಕೆಳಗೆ, ಯಾರ ಜಾಗಕ್ಕೆ, ಯಾವಾಗಿನವರೆಗೆ, ಮತ ಇದೆಯೋ ಇಲ್ಲವೋ ಎಂದು ಬರೆದಿಡಿ. ಬೈಲಾದಲ್ಲಿ ಇಲ್ಲದ ಮತವನ್ನು ಠರಾವಿನಿಂದ ಹುಟ್ಟಿಸಲು ಬರುವುದಿಲ್ಲ, ಅದು ನೆನಪಿರಲಿ.

ವಿಶೇಷ ಆಹ್ವಾನಿತರು ಒಂದು ವಿಷಯಕ್ಕೆಂದು ಬಂದವರು. ಅವರ ಹೆಸರಿನ ಮುಂದೆ ಅಜೆಂಡಾದ ಆ ವಿಷಯದ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ಮಾತಾಡಬಹುದು, ಮತ ಇಲ್ಲ. ಅವರು ಠರಾವಿಗೆ ಸೂಚಕರೂ ಅಲ್ಲ, ಅನುಮೋದಕರೂ ಅಲ್ಲ. ಹಳೆಯ ನಡಾವಳಿಯಲ್ಲಿ ಅನುಮೋದಕರ ಜಾಗದಲ್ಲಿ ಆಹ್ವಾನಿತರ ಹೆಸರು ಕಂಡರೆ, ಆವತ್ತಿನ ಮತ ಎಣಿಕೆಯೂ ಎಡವಟ್ಟಾಗಿರಬಹುದು ಎಂದೇ ತಿಳಿಯಿರಿ.

ನಮ್ಮ ಮಾಜಿ ಖಜಾಂಚಿ ಕೇಳಿದ ಪ್ರಶ್ನೆ ಇದು: 'ನಾನೂ ಚಂದಾ ಕಟ್ಟಿದ ಮೆಂಬರ್ ಅದೀನಲ್ರೀ, ಯಾಕ ಕೈ ಎತ್ತಬಾರದು?' ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅವರ ಮತ ಇರುವುದು ಸಂಘದ ವಾರ್ಷಿಕ ಮಹಾಸಭೆಯಲ್ಲಿ. ಕಮಿಟಿ ಸಭೆಗೆ ಅವರು ಆಹ್ವಾನಿತರು, ಅಷ್ಟೇ.

ವೀಕ್ಷಕರದ್ದು ಸುಲಭ. ಯಾವ ಸಂಸ್ಥೆ ಕಳಿಸಿದೆ ಎಂದು ಬರೆದರೆ ಮುಗಿಯಿತು. ಅಧ್ಯಕ್ಷರು ಕೇಳಿದರೆ ಮಾತು, ಇಲ್ಲದಿದ್ದರೆ ನೋಡುವುದು. ಆವತ್ತು ಕೈ ಎತ್ತದೆ ಕುಳಿತಿದ್ದವರು ಒಕ್ಕೂಟದಿಂದ ಬಂದ ವೀಕ್ಷಕರು. ನಮ್ಮೆಲ್ಲರಿಗಿಂತ ನಿಯಮ ಗೊತ್ತಿದ್ದದ್ದು ಅವರಿಗೇ!

ಈಗ ಆ 12 ಸಹಿಯನ್ನು ಬಿಡಿಸೋಣ. ಚುನಾಯಿತರು 6, ಖಾಲಿ ಜಾಗಕ್ಕೆ ಬಂದವರು 1. ಮತ ಇರುವವರು ಇವರು 7 ಜನ ಮಾತ್ರ. ಹೆಚ್ಚುವರಿ ಕೋ-ಆಪ್ಟ್ 1, ಆಹ್ವಾನಿತರು 3, ವೀಕ್ಷಕರು 1. ಕೋರಂಗೆ 6 ಸಾಕು, ಹಾಗಾಗಿ ಸಭೆ ಸರಿಯಾಗಿತ್ತು. ಮತ ಸರಿಯಿರಲಿಲ್ಲ. ಒಬ್ಬೊಬ್ಬರನ್ನೇ ಕೇಳಿ ನೋಡಿದರೆ, ಪರವಾಗಿದ್ದ 6 ಕೈಗಳಲ್ಲಿ ಒಂದು ಇಂಜಿನಿಯರರದು, ಎರಡು ಆಹ್ವಾನಿತರದು. ವಿರೋಧದ 5ರಲ್ಲಿ ಒಂದು ಆಹ್ವಾನಿತರದು. ಅವನ್ನು ಕಳೆದರೆ ಪರ 3, ವಿರೋಧ 4. ಠರಾವು ಬಿದ್ದಿತ್ತು!

ಅದೇ ಸಭೆಯಲ್ಲಿ ಮತ ಇರುವ ಇಬ್ಬರು ಮಧ್ಯದಲ್ಲಿ ಎದ್ದು ಹೋಗಿದ್ದರೆ ಕೋರಂ ಕೂಡ ಮುರಿಯುತ್ತಿತ್ತು, ಕೋಣೆಯಲ್ಲಿ ಇನ್ನೂ 10 ಜನ ಕೂತಿದ್ದರೂ. ಆದ್ದರಿಂದ ಮತ ಹಾಕಿಸುವ ಮುಂಚೆ ಮೊದಲ ಭಾಗವನ್ನೂ ಮತ ಇರುವ ಕೋ-ಆಪ್ಟ್ ಹೆಸರನ್ನೂ ಓದಿ, ಇದ್ದಾರಾ ಎಂದು ನೋಡಿ. ಆಮೇಲೆ ಹೆಸರು ಕೂಗಿಯೇ ಮತ ಕೇಳಿ.

ತಪ್ಪಾದ ನಡಾವಳಿಯ ಮೇಲೆ ಬಿಳಿ ಬಣ್ಣ ಬಳಿಯಲಿಲ್ಲ, ಹಾಳೆ ಹರಿಯಲಿಲ್ಲ. ಮುಂದಿನ ಸಭೆಯಲ್ಲಿ ಎಣಿಕೆ ತಪ್ಪಿದ್ದನ್ನು ಬರೆದು, ಅಧ್ಯಕ್ಷರ ಸಹಿ ಹಾಕಿಸಿ, ಬೋರ್‌ವೆಲ್ ವಿಷಯವನ್ನು ಮತ್ತೆ ಅಜೆಂಡಾಕ್ಕೆ ತಂದೆವು. ಆ ಸಲ ಮಾಜಿ ಖಜಾಂಚಿ ತಾವಾಗಿಯೇ ಮೂರನೇ ಭಾಗ ಹುಡುಕಿ ಸಹಿ ಹಾಕಿದರು.