ಉಪವಾಸ ಎಂಬ ಪದವನ್ನು ತೆಗೆದ ಮೇಲೆ

ಕೋಲಾರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಬರುವವರಿಗೆ ನಾವು ಕೊಡುತ್ತಿದ್ದ ಸೂಚನಾ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು: ‘ರಾತ್ರಿ 12ರಿಂದ ಉಪವಾಸವಿರಬೇಕು. ಬಿ.ಪಿ. ಮಾತ್ರೆ ತೆಗೆದುಕೊಳ್ಳಬಹುದು.’ ಮುಳಬಾಗಿಲು ಕಡೆಯ ರೈತರೊಬ್ಬರು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮಂಗಳವಾರ ಬೆಳಿಗ್ಗೆ ಬಂದಾಗ ನಾನು ವಿಚಾರಿಸಿದೆ. ‘ಉಪವಾಸವೇ ಇದ್ದೀನಮ್ಮ, ಆರು ಗಂಟೆಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಅಷ್ಟೇ’ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಏಕಾದಶಿಯ ಉಪವಾಸಕ್ಕೆ ಹಾಲು ಹಣ್ಣು ಸಲ್ಲುತ್ತವೆ. ಹೊಟ್ಟೆಗೆ ಮಾತ್ರ ಹಾಲು ನೀರಿನಂತಲ್ಲ. ಅದು ಅಲ್ಲಿ ಒಡೆದು ಗಟ್ಟಿಯಾಗುತ್ತದೆ, ಅರಿವಳಿಕೆಯಲ್ಲಿ ಕೆಮ್ಮುವ ಶಕ್ತಿ ಅಡಗಿದಾಗ ಮೇಲೆ ಉಕ್ಕಿ ಶ್ವಾಸಕೋಶ ಸೇರಬಹುದು. ಅವರ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಯಿತು.

ಚೀಟಿಯನ್ನು ಮತ್ತೆ ಬರೆಯುವಾಗ ಮೊದಲು ತೆಗೆದದ್ದು ‘ಉಪವಾಸ’ ಪದವನ್ನು, ಆಮೇಲೆ ‘ರಾತ್ರಿ 12’ ಎಂಬುದನ್ನು, ಏಕೆಂದರೆ ‘ಮಂಗಳವಾರ ರಾತ್ರಿ 12’ ಎಂದರೆ ಸೋಮವಾರ ಕಳೆಯುವ ಹೊತ್ತೋ ಮಂಗಳವಾರ ಕಳೆಯುವ ಹೊತ್ತೋ ಎಂದು ಓದಿದವರಿಗೆ ತಿಳಿಯುತ್ತಿರಲಿಲ್ಲ. ಲಘು ಊಟಕ್ಕೂ ಹಾಲಿಗೂ 6 ಗಂಟೆ, ಮಾಂಸ ಮತ್ತು ಕರಿದ ಪದಾರ್ಥಗಳಿಗೆ 8 ಗಂಟೆ, ನೀರಿಗೆ 2 ಗಂಟೆ ಅಂತರ ಬೇಕೆಂಬುದು ಅರಿವಳಿಕೆ ವೈದ್ಯರು ಅನುಸರಿಸುವ ನಿಯಮ. ಲೆಕ್ಕ ಹಾಕುವ ಕೆಲಸ ರೋಗಿಯದಲ್ಲ, ನಮ್ಮದು. ಆದ್ದರಿಂದ ಬೆಳಿಗ್ಗೆ 8ರ ಶಸ್ತ್ರಚಿಕಿತ್ಸೆಯಾದರೆ ಚೀಟಿಯಲ್ಲಿ ಹೀಗೆ ಬರೆಯುತ್ತೇವೆ: ‘ಸೋಮವಾರ ರಾತ್ರಿ 10ರೊಳಗೆ ಊಟ ಮುಗಿಸಿ, ಬಾಡೂಟ ಬೇಡ. ಆಮೇಲೆ ಹಾಲು, ಕಾಫಿ, ಟೀ, ಮಜ್ಜಿಗೆ, ರಾಗಿ ಗಂಜಿ, ಹಣ್ಣು ಯಾವುದೂ ಬೇಡ. ಮಂಗಳವಾರ ಬೆಳಿಗ್ಗೆ 6ರವರೆಗೆ ಬರೀ ನೀರು ಕುಡಿಯಬಹುದು.’ ನೀರಿನ ಸಾಲು ಮುಖ್ಯ; ಅದಿಲ್ಲದಿದ್ದರೆ ಹೆದರಿದ ವೃದ್ಧರು ರಾತ್ರಿಯಿಡೀ ಗಂಟಲು ಒಣಗಿಸಿಕೊಂಡು ಬರುತ್ತಾರೆ.

ಮಾತ್ರೆಗಳ ಭಾಗ ಇನ್ನೂ ಕಷ್ಟವಾಗಿತ್ತು. ಈ ರೈತರು ಬಿ.ಪಿ.ಗೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರು. ಹೆಸರಿನಿಂದ ಅವನ್ನು ಗುರುತಿಸುತ್ತಿರಲಿಲ್ಲ. ಹಾಗಾಗಿ ವೈದ್ಯರು ನಿರ್ಧರಿಸಿದ ಮೇಲೆ ಪ್ರತಿ ಖಾಲಿ ಸ್ಟ್ರಿಪ್‌ನ ಹೆಸರಿರುವ ತುಂಡನ್ನು ಕತ್ತರಿಸಿ ಚೀಟಿಗೆ ಅಂಟಿಸಿದೆ. ಆಮ್ಲೋಡಿಪಿನ್ ಪಕ್ಕದಲ್ಲಿ ‘ಮಂಗಳವಾರ ಬೆಳಿಗ್ಗೆ 6ಕ್ಕೆ, ಎರಡು ಗುಟುಕು ನೀರಿನೊಂದಿಗೆ’ ಎಂದೂ, ಮೆಟ್‌ಫಾರ್ಮಿನ್ ಪಕ್ಕದಲ್ಲಿ ‘ಮಂಗಳವಾರ ಬೆಳಿಗ್ಗೆ ಬೇಡ’ ಎಂದೂ ಬರೆದೆ. ಒಂದೇ ಮಾತ್ರೆಯಲ್ಲಿ ಎರಡು ಔಷಧ ಸೇರಿರುವುದು ಈಗ ಸಾಮಾನ್ಯ. ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ ಇದ್ದರೆ ಅದನ್ನು 3 ದಿನ ಮುಂಚೆಯೇ ನಿಲ್ಲಿಸಬೇಕು, ಆದ್ದರಿಂದ ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ನಾನು ಚೀಟಿ ಬರೆಯುವುದಿಲ್ಲ. ಇನ್ಸುಲಿನ್ ಅಥವಾ ರಕ್ತ ತೆಳುಗೊಳಿಸುವ ಮಾತ್ರೆ ಇದ್ದವರಿಗೆ, ಗರ್ಭಿಣಿಯರಿಗೆ ಈ ಅಚ್ಚು ಸಾಲದು. ಅವರ ಸಮಯವನ್ನು ವೈದ್ಯರೇ ಬರೆಯುತ್ತಾರೆ.

ಚೀಟಿ ಕೊಟ್ಟ ಮೇಲೆ ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ‘ಸೋಮವಾರ ರಾತ್ರಿಯಿಂದ ಏನೇನು ಮಾಡುತ್ತೀರಿ, ಹೇಳಿ’ ಎನ್ನುತ್ತೇನೆ. ಎರಡನೇ ಬಾರಿ ಬರುವ ಮುನ್ನ ಆ ರೈತರು ಎಲ್ಲವನ್ನೂ ಸರಿಯಾಗಿ ಹೇಳಿ, ಕೊನೆಗೆ ‘ಬೆಳಿಗ್ಗೆ ಎಲೆ ಅಡಿಕೆ?’ ಎಂದು ಕೇಳಿದರು. ಅಂದೇ ‘ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ಬೇಡ’ ಎಂಬ ಸಾಲನ್ನು ಚೀಟಿಗೆ ಸೇರಿಸಿದೆ.