ಮಗಳ ಬಟ್ಟಲಿಗೆ ಒಗ್ಗದ ಕುಚ್ಚಲಕ್ಕಿ

ನನ್ನ ತವರು ಶಿರಸಿ, ಈಗಿರುವುದು ಕಾರವಾರದಲ್ಲಿ. ಮಗಳಿಗೆ 7 ತಿಂಗಳಾದಾಗ ನಾವು ಉಣ್ಣುವ ಕುಚ್ಚಲಕ್ಕಿ ಅನ್ನಕ್ಕೇ ಬೆಂದ ಬೇಳೆ ಹಾಕಿ ಕಿವುಚಿ ಕೊಟ್ಟೆ. ಬೇಳೆ ಚೀಪಿಕೊಂಡು ಅಗುಳನ್ನೆಲ್ಲ ಉಗಿದಳು. ಭತ್ತವಿದ್ದಾಗಲೇ ಬೇಯಿಸಿ ಒಣಗಿಸಿದ ಅಕ್ಕಿ ಅದು. ಬೆಂದರೂ ಅಗುಳು ಬಿಡಿಬಿಡಿಯಾಗಿಯೇ ಇರುತ್ತದೆ. ಮಿಕ್ಸಿಗೆ ಹಾಕಿದರೆ ಗೋಂದಿನ ಹಾಗಾಯಿತು. "ಸುಮ್ನೆ ಗಂಜಿ ತಿಳಿ ಕುಡಿಸು" ಅಂದರು ಅತ್ತೆ. ಗಟಗಟ ಕುಡಿದಳು, ಗಂಟೆಯೊಳಗೆ ಮತ್ತೆ ಹಸಿವಿನ ಅಳು. ಹೊಟ್ಟೆ ತುಂಬಿದ್ದು ನೀರಿನಿಂದ ಅಲ್ವಾ!

ಕೊನೆಗೆ ಕೈಹಿಡಿದದ್ದು ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯ ನುಚ್ಚು. 2 ಚಮಚ ನುಚ್ಚು, 1 ಚಮಚ ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಸುತ್ತೇನೆ. ಅದೇ ಚಮಚದಲ್ಲಿ 12–13 ಚಮಚ ನೀರು, ಉಗುರಿನ ತುದಿಯಷ್ಟು ಅರಿಶಿನ. ಇದನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಕುಕ್ಕರಿನೊಳಗೆ ಇಟ್ಟು 5 ಸೀಟಿ ಕೂಗಿಸುತ್ತೇನೆ. ಬಟ್ಟಲು ಅರ್ಧ ಮಾತ್ರ ತುಂಬಿರಬೇಕು. ಮೊದಲ ದಿನ ಬೇಳೆಯ ನೊರೆ ಉಕ್ಕಿ ಅರ್ಧ ಊಟ ಕುಕ್ಕರಿನ ತಳ ಸೇರಿತ್ತು.

ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಒತ್ತಬೇಕು, ಆರಿದ ಮೇಲೆ ಗಂಟು ಒಡೆಯುವುದಿಲ್ಲ. ಹದ ನೋಡಲು ಚಮಚ ಓರೆ ಮಾಡುತ್ತೇನೆ. ನೀರಿನಂತೆ ಸುರಿಯಬಾರದು, ಅಂಟಿಕೊಂಡೇ ಇರಲೂಬಾರದು, ಮೆಲ್ಲಗೆ ಜಾರಿ ಬೀಳಬೇಕು. ಇಲ್ಲಿ ನಾನು ಎಡವಿದ್ದೆ: ಬಿಸಿಯಲ್ಲಿ ಸರಿ ಇದ್ದದ್ದು ಅವಳ ಬಾಯಿಗೆ ಹೋಗುವಷ್ಟರಲ್ಲಿ ಮುದ್ದೆಯಾಗುತ್ತಿತ್ತು. ಈಗ ತುಸು ತೆಳ್ಳಗೆ ಬಿಡುತ್ತೇನೆ, ಜೊತೆಗೆ ಕಾದಾರಿದ ನೀರು ಪಕ್ಕದಲ್ಲೇ ಇರುತ್ತದೆ.

ಒಗ್ಗರಣೆ ಅಂದರೆ ಅರ್ಧ ಚಮಚ ತುಪ್ಪ, ಒಂದು ಚಿಟಿಕೆ ಜೀರಿಗೆ ಪುಡಿ, ಅಷ್ಟೇ. ಇಡೀ ಜೀರಿಗೆ ಹಾಕಿದ ದಿನ ಅದು ಅಂಗುಳಕ್ಕೆ ಅಂಟಿ, ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಹುರಿದು ಕುಟ್ಟಿ ಜರಡಿ ಹಿಡಿದದ್ದು ಮಾತ್ರ. ತುಪ್ಪ ಕಾದು ಒಲೆ ಆರಿಸಿದ ಮೇಲೆ ಪುಡಿ ಹಾಕಬೇಕು, ಇಲ್ಲವಾದರೆ ಸೀದು ಕಹಿಯಾಗುತ್ತದೆ. ಇಂಗು ತಡವಾಗಿ ಶುರು ಮಾಡಿದೆ. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಗೋಧಿ ಅವಳಿಗೆ ಒಗ್ಗುತ್ತದೋ ಇಲ್ಲವೋ ಮೊದಲು ನೋಡಬೇಕಿತ್ತು. ಉಪ್ಪು, ಸಕ್ಕರೆ, ಜೇನುತುಪ್ಪ ವರ್ಷದ ತನಕ ಇಲ್ಲವೇ ಇಲ್ಲ. "ಸಪ್ಪೆ ಹೇಗೆ ಉಣ್ಣುತ್ತಾಳೆ ಪಾಪ" ಅಂತ ಅತ್ತೆಗೆ ಬೇಜಾರು. ಉಪ್ಪಿನ ರುಚಿ ಗೊತ್ತಿದ್ದರೆ ತಾನೇ ಸಪ್ಪೆ ಅನ್ನಿಸುವುದು!

ಉಳಿದದ್ದನ್ನು ಸಂಜೆಗೆ ಇಡುವುದಿಲ್ಲ. ಕಾರವಾರದ ಸೆಕೆಗೆ ಬೇಳೆ ಅನ್ನ ಬೇಗ ಹಳಸುತ್ತದೆ.

9 ತಿಂಗಳಿಗೆ ಸೌಟು ಬಿಟ್ಟು ಬೆರಳಲ್ಲೇ ಒತ್ತತೊಡಗಿದೆ, ಅಲ್ಲಲ್ಲಿ ಮೆತ್ತನೆ ಅಗುಳು ಸಿಗಲಿ ಅಂತ. ಈಗ ಅವಳಿಗೆ 14 ತಿಂಗಳು. ರಾತ್ರಿ ನೆನೆಸಿಟ್ಟ ಕುಚ್ಚಲಕ್ಕಿಯನ್ನು ಬೆಳಿಗ್ಗೆ ಚೆನ್ನಾಗಿ ಬೇಯಿಸಿದರೆ, ಅಜ್ಜಿಯ ತಟ್ಟೆಯಿಂದ ತಾನೇ ಒಂದೊಂದು ಅಗುಳು ಹೆಕ್ಕಿ ತಿನ್ನುತ್ತಾಳೆ.